ಮೆಷಿನ್ ನಿಂತಿದೆ, ಪಾರ್ಟಿಗೆ ಏನು ಹೇಳುವುದು?

ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಆರ್ಡರ್ ಕೊಟ್ಟ ಕಂಪನಿಯನ್ನು ‘ಪಾರ್ಟಿ’ ಎನ್ನುತ್ತಾರೆ. ಮೆಷಿನ್ ಕೆಟ್ಟ ದಿನ ಅಲ್ಲಿ ಮೊದಲು ಕೇಳಿಬರುವ ಮಾತೂ ಒಂದೇ: “ಪಾರ್ಟಿಗೆ ಈಗಲೇ ಹೇಳಬೇಡಿ, ನಾಳೆ ಸರಿಹೋಗಬಹುದು.” ಆ ನಾಳೆ ಮೂರು ನಾಳೆಯಾಗುತ್ತದೆ. ಅಷ್ಟರಲ್ಲಿ ಆ ಕಡೆಯವರೇ ಫೋನ್ ಮಾಡಿರುತ್ತಾರೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಕೊಯಮತ್ತೂರಿನ ಪಂಪ್ ಕಂಪನಿಯೊಂದಕ್ಕೆ 2,400 ಶಾಫ್ಟ್ ಕೊಡಬೇಕು. ಮಾಲು ಹೊರಡಬೇಕಾದದ್ದು 25ನೇ ತಾರೀಕು. ಒಂದು ಸಿಎನ್‌ಸಿ ಲೇತ್, ಎರಡು ಶಿಫ್ಟ್, ದಿನಕ್ಕೆ 120 ಪೀಸು. 12ರ ರಾತ್ರಿಗೆ ಸರಿಯಾಗಿ ಅರ್ಧ, ಅಂದರೆ 1,200 ಮುಗಿದಿದೆ. 13, ಶುಕ್ರವಾರ ಬೆಳಿಗ್ಗೆ ಸ್ಪಿಂಡಲ್ ಕಿರುಗುಟ್ಟುತ್ತದೆ, ಕೈಯಿಟ್ಟರೆ ಬಿಸಿ, ಕಡಿದ ಪೀಸಿನ ಮೇಲೆ ಅಲೆಯಂಥ ಗೆರೆಗಳು. ಬೇರಿಂಗ್ ಹೋಗಿದೆ.

ಫೋನ್ ಎತ್ತುವ ಮುಂಚೆ ಮಾಡಬೇಕಾದ ಒಂದು ಕೆಲಸವಿದೆ, ತುಂಬ ಜನ ಮರೆಯುವುದೂ ಇದನ್ನೇ. ಬೇರಿಂಗ್ ಒಂದೇ ಗಳಿಗೆಯಲ್ಲಿ ಹೋಗುವುದು ಅಪರೂಪ. ಸದ್ದು ಬರುವ ಮುಂಚೆಯೇ ಅಳತೆ ಸಡಿಲವಾಗಿರಬಹುದು. ಹಾಗಾಗಿ ಹಿಂದಿನ ದಿನದ 120 ಪೀಸನ್ನು ಮತ್ತೆ ಅಳೆಯಬೇಕು. ಅಲ್ಲಿಯವರೆಗೆ ರೆಡಿ ಇರುವುದು 1,080 ಮಾತ್ರ.

ಆಮೇಲೆ ಫೋನ್, ಅದೂ ಆವತ್ತೇ. “ಮೇಡಂ, ನಿಮ್ಮ ಶಾಫ್ಟ್ ಮೆಷಿನ್ ಬೆಳಿಗ್ಗೆ ನಿಂತಿದೆ, ಸ್ಪಿಂಡಲ್ ಬೇರಿಂಗ್. 1,080 ರೆಡಿ ಇದೆ, 120 ಮತ್ತೆ ಚೆಕ್ ಆಗ್ತಿದೆ. ನಿಮ್ಮ ಲೈನ್‌ಗೆ ಯಾವತ್ತಿನಿಂದ, ದಿನಕ್ಕೆ ಎಷ್ಟು ಬೇಕು? ಹೊಸ ತಾರೀಕು ಸಂಜೆ ಮೇಲ್‌ನಲ್ಲಿ ಕಳಿಸ್ತೀನಿ.” ಇಷ್ಟು ಸಾಕು. ಆ ಪ್ರಶ್ನೆಯೇ ಇಲ್ಲಿ ಮುಖ್ಯ. 27ರಿಂದ ದಿನಕ್ಕೆ 300 ಬೇಕು ಎಂದು ಉತ್ತರ ಬಂದರೆ, ಕೈಯಲ್ಲಿರುವ 1,200ರಲ್ಲಿ 27, 28, 30, 31 ನಾಲ್ಕು ದಿನ ನಡೆಯುತ್ತದೆ, 29 ಭಾನುವಾರ. ಅಂದರೆ ಉಳಿದ ಮಾಲು ಮುಂದಿನ ತಿಂಗಳ ಒಂದನೇ ತಾರೀಕಿನ ಬೆಳಿಗ್ಗೆಗೆ ಅಲ್ಲಿರಬೇಕು. ಆ ಕಂಪನಿಗೆ ನಿಜವಾದ ಗಡುವು ಇದು.

ಈಗ ರಿಪೇರಿ. ಬೇರಿಂಗ್ ಸೆಟ್ ಸೋಮವಾರ ಸಂಜೆ ಬರುತ್ತದೆ, ಮಂಗಳವಾರ ಕೂರಿಸುತ್ತಾರೆ. ಅಲ್ಲಿಗೆ ಮೆಷಿನ್ ಸರಿಹೋಯಿತು ಎಂದುಕೊಳ್ಳುವಂತಿಲ್ಲ. ಹೊಸ ಬೇರಿಂಗನ್ನು ಕಡಿಮೆ ವೇಗದಿಂದ ಹಂತಹಂತವಾಗಿ ಓಡಿಸಿ, ಬಿಸಿ ಏರುತ್ತದೆಯೇ ನೋಡಿ, ಡಯಲ್ ಗೇಜ್ ಇಟ್ಟು ಸ್ಪಿಂಡಲ್ ಓಲಾಡುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಅದಕ್ಕೆ ಬುಧವಾರ ಪೂರ್ತಿ ಬೇಕು. ಗುರುವಾರ ಮೊದಲ ಪೀಸುಗಳ ಅಳತೆ. ನಿಜವಾದ ಕೆಲಸ ಶುರುವಾಗುವುದು 20, ಶುಕ್ರವಾರ. ಮೆಷಿನ್ ತಿರುಗಿದ ದಿನದಿಂದ ಲೆಕ್ಕ ಹಾಕಿದವರ ತಾರೀಕು ತಪ್ಪುವುದು ಇಲ್ಲೇ.

ಬಾಕಿ 1,200. ಎರಡೇ ಶಿಫ್ಟ್ ಆದರೆ ಹತ್ತು ದಿನ, 31ಕ್ಕೆ ಮುಗಿಯುತ್ತದೆ. ಲಾರಿ ಹೊರಡುವುದು ಒಂದಕ್ಕೆ, ಸೇರುವುದು ಎರಡಕ್ಕೆ. ಲೈನ್ ಒಂದು ದಿನ ನಿಂತಿರುತ್ತದೆ. ರಾತ್ರಿ ಶಿಫ್ಟ್ ಸೇರಿಸಿದರೆ? ರಾತ್ರಿ 60 ಎಂದು ಬರೆಯಲು ಕೈ ತುಡಿಯುತ್ತದೆ, 50 ಎಂದು ಹಿಡಿಯಿರಿ. ದಿನಕ್ಕೆ 170 ಆದರೆ 27ಕ್ಕೆ 1,190, ಉಳಿದ ಹತ್ತು 28ರ ಬೆಳಿಗ್ಗೆ. ಅದೇ ದಿನ ಅಳತೆ, ಪ್ಯಾಕಿಂಗ್. 30ರ ಸಂಜೆ ಲಾರಿ ಬಿಟ್ಟರೆ 31ರ ಬೆಳಿಗ್ಗೆ ಕೊಯಮತ್ತೂರು. ಒಂದು ದಿನ ಕೈಯಲ್ಲಿ ಉಳಿಯುತ್ತದೆ. 22ರ ಭಾನುವಾರವನ್ನು ಆಪತ್ತಿಗೆಂದು ಇಟ್ಟುಕೊಂಡಿದ್ದೇವೆ.

ಪಕ್ಕದ ಶೆಡ್‌ನಲ್ಲಿ ಮಾಡಿಸಿದರಾಯಿತು ಎಂಬ ಉಪಾಯವೂ ಹೊಳೆಯುತ್ತದೆ. ಪಾರ್ಟಿಯನ್ನು ಕೇಳದೆ ಅದನ್ನು ಮಾಡಬೇಡಿ. ಮೆಷಿನ್ ಅಥವಾ ಜಾಗ ಬದಲಾದರೆ ಮೊದಲೇ ಒಪ್ಪಿಗೆ ಪಡೆಯಬೇಕೆಂಬ ನಿಯಮ ಅನೇಕ ಕಂಪನಿಗಳಲ್ಲಿದೆ. ಹೇಳದೆ ಕಳಿಸಿದ ಮಾಲು ಅಳತೆಗೆ ಸರಿಯಿದ್ದರೂ ವಾಪಸು ಬಂದೀತು.

ಸಂಜೆಯ ಮೇಲ್ ಚಿಕ್ಕದಾಗಿರಲಿ. ಆ 120 ಪೀಸೂ ಪಾಸಾಗಿವೆ ಎಂದಿಟ್ಟುಕೊಂಡರೆ, ಅದು ಹೀಗಿರಬಹುದು:

“ನಿಮ್ಮ 2,400 ಶಾಫ್ಟ್‌ಗಳ ಆರ್ಡರ್: ಸ್ಪಿಂಡಲ್ ಬೇರಿಂಗ್ ಹಾಳಾಗಿ 13ರ ಬೆಳಿಗ್ಗೆ ಮೆಷಿನ್ ನಿಂತಿದೆ. 1,200 ಪೀಸು ಪಾಸಾಗಿವೆ, 25ಕ್ಕೆ ಕಳಿಸುತ್ತೇವೆ. 20ರಿಂದ ಮೂರು ಶಿಫ್ಟ್‌ನಲ್ಲಿ ಕೆಲಸ. ಉಳಿದ 1,200 ಪೀಸು 30ಕ್ಕೆ ಹೊರಡುತ್ತದೆ. ಮೊದಲ ಪೀಸಿನ ಅಳತೆ ವರದಿ 19ರ ಸಂಜೆ, ಆಮೇಲೆ ಪ್ರತಿ ಸಂಜೆ ಆ ದಿನದ ಸಂಖ್ಯೆ ತಿಳಿಸುತ್ತೇವೆ. ತೊಂದರೆಗೆ ಕ್ಷಮೆಯಿರಲಿ.”

ಬೇರಿಂಗ್ ಯಾಕೆ ಹೋಯಿತು, ಆಪರೇಟರ್ ಏನು ಮಾಡಿದ ಎಂಬ ಪುರಾಣ ಈ ಪತ್ರಕ್ಕೆ ಬೇಡ. “ಆದಷ್ಟು ಬೇಗ” ಎಂಬ ಮಾತಂತೂ ಬೇಡವೇ ಬೇಡ. ಅದನ್ನು ಓದಿಕೊಂಡು ಯಾರೂ ಲೈನ್ ಪ್ಲಾನ್ ಮಾಡಲಾರರು.

“ಓಕೆ” ಎಂದು ಉತ್ತರ ಬಂದ ಮೇಲೂ ಒಂದು ಕೆಲಸ ಬಾಕಿ. ಪರ್ಚೇಸ್ ಆರ್ಡರ್‌ನಲ್ಲೇ ತಾರೀಕು ತಿದ್ದಿಸಿಕೊಳ್ಳಿ. ತಡಕ್ಕೆ ವಾರಕ್ಕಿಷ್ಟು ಎಂದು ದಂಡ ಹಾಕುವ ಷರತ್ತು ಎಷ್ಟೋ ಆರ್ಡರ್‌ಗಳಲ್ಲಿ ಇರುತ್ತದೆ. ಬಿಲ್ ಪಾಸು ಮಾಡುವವರು ನಿಮ್ಮ ಮೇಲ್ ನೋಡುವುದಿಲ್ಲ, ಆರ್ಡರ್ ಮೇಲಿನ ತಾರೀಕು ನೋಡುತ್ತಾರೆ.