ಆಜ್ಞೆ ಆದದ್ದರಿಂದ ಒಳ್ಳೆಯದೋ, ಒಳ್ಳೆಯದಾದ್ದರಿಂದ ಆಜ್ಞೆಯೋ?

ಈ ವರ್ಷ ನಮ್ಮ ಕಾಲೇಜಿನ ಪ್ರಬಂಧ ಸ್ಪರ್ಧೆಗೆ ಕೊಟ್ಟ ವಿಷಯ ಇದು: "ಒಳ್ಳೆಯದು, ಕೆಟ್ಟದ್ದು ದೇವರ ಆಜ್ಞೆಯಿಂದಲೇ ನಿರ್ಧಾರವಾಗುತ್ತದೆಯೇ?" ನಾನು ಕಾಮರ್ಸ್ ವಿದ್ಯಾರ್ಥಿ. ಇದಕ್ಕಿಂತ ಸುಲಭದ ವಿಷಯ ಇಲ್ಲ ಅನ್ನಿಸಿತು. ಅಲ್ಲಾಹ್ ಆಜ್ಞಾಪಿಸಿದ್ದೇ ಒಳ್ಳೆಯದು, ಅವನು ನಿಷೇಧಿಸಿದ್ದೇ ಕೆಟ್ಟದ್ದು, ಬೇರೆ ಕಾರಣ ಹುಡುಕುವುದೇ ತಪ್ಪು ಎಂದು ಒಂದೇ ಸಂಜೆಯಲ್ಲಿ ನಾಲ್ಕು ಪುಟ ಬರೆದು ಕೊಟ್ಟೆ. ಸರ್ ಮಾರ್ಕ್ಸ್ ಹಾಕಲಿಲ್ಲ. ಅಂಚಿನಲ್ಲಿ ಒಂದು ಪ್ರಶ್ನೆ ಬರೆದು ವಾಪಸ್ ಕೊಟ್ಟರು: "ಹಾಗಾದರೆ ‘ಅಲ್ಲಾಹ್ ನ್ಯಾಯವಂತ’ ಎಂದು ನೀನು ಹೇಳಿದಾಗ ಏನು ಹೇಳಿದ ಹಾಗಾಯಿತು?"

ಅದೇ ವಾರ ಊರಲ್ಲಿ ಒಂದು ಘಟನೆ ನಡೆಯಿತು. ನಮ್ಮ ಹೊಲ ಔರಾದ್ ತಾಲ್ಲೂಕಿನಲ್ಲಿದೆ. ಅಬ್ಬಾ ಇಪ್ಪತ್ತು ಚೀಲ ತೊಗರಿಯನ್ನು ಭಾಲ್ಕಿಯ ಒಂದು ಅಡತಿ ಅಂಗಡಿಗೆ ಒಯ್ದಿದ್ದರು. ಅಲ್ಲಿ ಪ್ರತಿ ಚೀಲಕ್ಕೆ ಒಂದು ಕಿಲೋ ಕಡಿಮೆ ಬರೆದುಕೊಂಡರು. ಕೇಳಿದರೆ "ಇದು ಇಲ್ಲಿಯ ರೂಢಿ" ಎಂದರು. ಮನೆಗೆ ಬಂದ ಅಬ್ಬಾ ಜಗಳ ಮಾಡಲಿಲ್ಲ. "ಅಲ್ಲಾಹ್ ನೋಡ್ತಾನೆ ಬೇಟಾ" ಎಂದಷ್ಟೇ ಹೇಳಿ ವುಜೂ ಮಾಡಲು ಹೋದರು.

ಆಗ ನನ್ನ ಪ್ರಬಂಧ ನನಗೇ ಚುಚ್ಚಿತು. ತೂಕದಲ್ಲಿ ಮೋಸ ಮಾಡುವುದನ್ನು ಕುರ್‌ಆನ್ ಖಂಡಿಸುತ್ತದೆ, ಅದರ 83ನೇ ಸೂರಾದ ಹೆಸರೇ ಅಂಥ ಮೋಸಗಾರರನ್ನು ಕುರಿತದ್ದು. ಆದರೆ ನನ್ನ ನಾಲ್ಕು ಪುಟಗಳ ಪ್ರಕಾರ, ಆ ಅಂಗಡಿಯವನ ತಪ್ಪು ಆಜ್ಞೆ ಮೀರಿದ್ದು ಮಾತ್ರ. ಅಬ್ಬಾ ಕಳೆದುಕೊಂಡ ಇಪ್ಪತ್ತು ಕಿಲೋ, ವರ್ಷವಿಡೀ ಪಟ್ಟ ಶ್ರಮ, ಇವಕ್ಕೂ ಆ ತಪ್ಪಿಗೂ ಸಂಬಂಧವೇ ಇಲ್ಲ. ಆಜ್ಞೆ ಬೇರೆ ಇದ್ದಿದ್ದರೆ ಅದೇ ಮೋಸ ಪುಣ್ಯದ ಕೆಲಸ ಆಗುತ್ತಿತ್ತು. ಇದನ್ನು ನಾನು ಬರೆದಿರಲಿಲ್ಲ, ಆದರೆ ಬರೆದದ್ದರ ಅರ್ಥ ಇದೇ ಆಗಿತ್ತು.

ನಾನು ಬರೆದದ್ದಕ್ಕೆ ದೈವಾಜ್ಞಾ ಸಿದ್ಧಾಂತ ಎಂದು ಹೆಸರು. ಅದರ ಮುಂದೆ ನಿಲ್ಲುವ ಪ್ರಶ್ನೆ ಬಹಳ ಹಳೆಯದು. ಗ್ರೀಸಿನ ಪ್ಲೇಟೋ ಬರೆದ ‘ಯೂಥಿಫ್ರೋ’ ಸಂವಾದದಲ್ಲಿ ಸಾಕ್ರಟೀಸ್ ಇಂಥದ್ದೇ ಪ್ರಶ್ನೆ ಕೇಳುತ್ತಾನೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ದೇವರು ಆಜ್ಞಾಪಿಸಿದ್ದರಿಂದ ಒಂದು ಕೆಲಸ ಒಳ್ಳೆಯದಾಗುತ್ತದೆಯೋ, ಅಥವಾ ಅದು ಒಳ್ಳೆಯದಾಗಿರುವುದರಿಂದ ದೇವರು ಆಜ್ಞಾಪಿಸುತ್ತಾನೋ? ಮೊದಲನೆಯದನ್ನು ಒಪ್ಪಿದರೆ ಆಜ್ಞೆಗೆ ಕಾರಣವೇ ಇಲ್ಲದಂತಾಗಿ ಅದು ಬರೀ ಮನಸೋಇಚ್ಛೆ ಎನಿಸುತ್ತದೆ. ಎರಡನೆಯದನ್ನು ಒಪ್ಪಿದರೆ ದೇವರಿಗಿಂತ ಮೇಲೆ ಇನ್ನೊಂದು ಅಳತೆಗೋಲು ಇದೆ ಎಂದಾಗುತ್ತದೆ.

ಮನಸೋಇಚ್ಛೆಯ ಆಜ್ಞೆ ಎಂದರೆ ಹೇಗಿರುತ್ತದೆ ಎಂದು ತಿಳಿಯಲು ಬೀದರಿನವರು ದೂರ ಹೋಗಬೇಕಿಲ್ಲ. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ ವಜೀರ ಮಹಮೂದ್ ಗವಾನ್ ಅವರ ಕಥೆ ನಮಗೆಲ್ಲ ಗೊತ್ತು. ಅವರ ವಿರೋಧಿಗಳು ಖಾಲಿ ಕಾಗದದ ಮೇಲೆ ಅವರ ಮೊಹರು ಹಾಕಿಸಿಕೊಂಡು, ಒಡಿಶಾದ ರಾಜನಿಗೆ ಬರೆದ ದ್ರೋಹದ ಪತ್ರ ಎಂಬಂತೆ ಅದರಲ್ಲಿ ಸುಳ್ಳು ತುಂಬಿದರು. ಸುಲ್ತಾನ ಮೂರನೇ ಮುಹಮ್ಮದ್ ಶಾ ಸರಿಯಾಗಿ ವಿಚಾರಣೆ ಮಾಡದೆ ಮರಣದಂಡನೆಯ ಆಜ್ಞೆ ಕೊಟ್ಟ. 1481ರಲ್ಲಿ ಗವಾನ್ ಹತರಾದರು. ಮೊಹರು ನಿಜವಾಗಿಯೂ ಅವರದೇ ಆಗಿತ್ತು, ಆದರೆ ಪತ್ರ ಅವರದಾಗಿರಲಿಲ್ಲ. ಸತ್ಯ ತಿಳಿದ ಮೇಲೆ ಸುಲ್ತಾನ ಪಶ್ಚಾತ್ತಾಪ ಪಟ್ಟ, ಮರುವರ್ಷ ತಾನೂ ತೀರಿಕೊಂಡ.

ಆ ಆಜ್ಞೆ ಕೊಟ್ಟವನಿಗೆ ಅಧಿಕಾರ ಇತ್ತು. ಆದರೂ ಅದು ನ್ಯಾಯ ಎಂದು ಯಾರೂ ಹೇಳುವುದಿಲ್ಲ. ಅಂದರೆ ಅಧಿಕಾರ ಇದ್ದ ಮಾತ್ರಕ್ಕೆ ಆಜ್ಞೆ ಸರಿಯಾಗುವುದಿಲ್ಲ. ಇದನ್ನು ಹಾಸ್ಟೆಲಿನಲ್ಲಿ ಹೇಳಿದಾಗ ಗೆಳೆಯನೊಬ್ಬ ಸಿಟ್ಟಾದ. "ಸುಲ್ತಾನನ ಜೊತೆ ಅಲ್ಲಾಹನನ್ನು ಹೋಲಿಸುತ್ತೀಯಾ? ಸುಲ್ತಾನನಿಗೆ ಸತ್ಯ ಗೊತ್ತಿರಲಿಲ್ಲ. ಅಲ್ಲಾಹ್ ಎಲ್ಲವನ್ನೂ ಬಲ್ಲವನು, ಕರುಣಾಮಯಿ, ನ್ಯಾಯವಂತ." ಅವನು ಹೇಳಿದ್ದು ಸರಿ. ಆದರೆ ಗಮನಿಸಿ, ಅವನು ಆಜ್ಞೆಯನ್ನು ಸಮರ್ಥಿಸಲು ಆಜ್ಞಾಪಿಸಿದವನ ಜ್ಞಾನ, ಕರುಣೆ, ನ್ಯಾಯಗಳನ್ನು ಮುಂದಿಟ್ಟ. ನ್ಯಾಯ ಎಂದರೆ ‘ಅವನು ಆಜ್ಞಾಪಿಸಿದ್ದು’ ಎಂದಷ್ಟೇ ಅರ್ಥವಾಗಿದ್ದರೆ ಈ ಉತ್ತರದಲ್ಲಿ ಏನೂ ಉಳಿಯುತ್ತಿರಲಿಲ್ಲ. ಸರ್ ಅಂಚಿನಲ್ಲಿ ಕೇಳಿದ್ದೂ ಇದನ್ನೇ.

ಹಾಗೆಂದು ಕಾರಣ ಕಾಣದ ಆಜ್ಞೆಗಳೆಲ್ಲ ದೋಷ ಎಂದೇನಲ್ಲ. ನಮ್ಮ ಅಕೌಂಟೆನ್ಸಿಯನ್ನೇ ನೋಡಿ. ಖಾತೆಯಲ್ಲಿ ಡೆಬಿಟ್ ಎಡಗಡೆ, ಕ್ರೆಡಿಟ್ ಬಲಗಡೆ. ಇದು ಉಲ್ಟಾ ಇದ್ದರೂ ಲೆಕ್ಕ ನಡೆಯುತ್ತಿತ್ತು. ನಿಯಮ ಆದ ಮೇಲೆ ಪಾಲಿಸಬೇಕು, ಅಷ್ಟೇ. ಆದರೆ ಬಾರದ ಹಣವನ್ನು ಬಂದಿದೆ ಎಂದು ಬರೆಯಬಾರದು ಎಂಬುದು ಹಾಗಲ್ಲ. ಯಾವ ಮಂಡಳಿ ನಿಯಮ ಬದಲಿಸಿದರೂ ಸುಳ್ಳು ಲೆಕ್ಕ ನಿಜವಾಗುವುದಿಲ್ಲ. ನಮ್ಮ ಫಿಕ್‌ಹ್ ವಿದ್ವಾಂಸರೂ ಇಂಥ ಒಂದು ವ್ಯತ್ಯಾಸ ಮಾಡುತ್ತಾರೆ. ಮಗ್ರಿಬ್‌ಗೆ ಮೂರೇ ರಕಾತ್ ಏಕೆ ಎಂಬುದಕ್ಕೆ ಕಾರಣ ಹುಡುಕುವುದಿಲ್ಲ, ಅದು ಆರಾಧನೆ, ಆಜ್ಞೆ ಎಂದೇ ಪಾಲಿಸುತ್ತೇವೆ. ವ್ಯಾಪಾರ, ಸಾಕ್ಷಿ, ತೂಕಗಳ ವಿಷಯದಲ್ಲಿ ಆಜ್ಞೆಯ ಹಿಂದಿನ ಕಾರಣ ಬುದ್ಧಿಗೆ ಕಾಣುತ್ತದೆ. ಆದ್ದರಿಂದ ಪ್ರಬಂಧದಲ್ಲಿ ಮನಸೋಇಚ್ಛೆಯ ಆಕ್ಷೇಪ ಬರೆಯುವಾಗ ರಕಾತಿನ ಉದಾಹರಣೆ ಕೊಟ್ಟರೆ ಆಕ್ಷೇಪ ದುರ್ಬಲವಾಗುತ್ತದೆ. ತೂಕದ ಮೋಸದಂಥ ಉದಾಹರಣೆ ಕೊಟ್ಟರೆ ಮಾತ್ರ ಅದರ ನಿಜವಾದ ಭಾರ ಗೊತ್ತಾಗುತ್ತದೆ.

ಇನ್ನು ಉತ್ತರಗಳು. ಈ ಸಿದ್ಧಾಂತಕ್ಕೆ ಹೆಸರಾದವರು ಅಶ್‌ಅರೀ ಪಂಥದ ವಿದ್ವಾಂಸರು. ‘ಅವರಿಗೆ ಆಜ್ಞೆ ಬಿಟ್ಟು ಬೇರೇನೂ ಇಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸುವುದು ವಿದ್ಯಾರ್ಥಿಗಳು ಮಾಡುವ ತಪ್ಪು. ನಾನೂ ಮಾಡಿದ್ದೆ. ಆ ಪಂಥದ ನಂತರದ ವಿದ್ವಾಂಸರು ‘ಒಳ್ಳೆಯದು’ ಎಂಬ ಪದಕ್ಕೆ ಮೂರು ಅರ್ಥ ಬಿಡಿಸುತ್ತಾರೆ. ಒಂದು, ಪರಿಪೂರ್ಣತೆ: ಜ್ಞಾನ ಒಳ್ಳೆಯದು, ಅಜ್ಞಾನ ಕೊರತೆ. ಎರಡು, ಉದ್ದೇಶಕ್ಕೆ ಹೊಂದುವುದು: ತೊಗರಿಗೆ ಹದವಾದ ಮಳೆ ಒಳ್ಳೆಯದು. ಮೂರು, ದೇವರ ಬಳಿ ಮೆಚ್ಚುಗೆಗೆ ಅಥವಾ ಶಿಕ್ಷೆಗೆ ಅರ್ಹವಾಗುವುದು. ಮೊದಲ ಎರಡನ್ನು ಬುದ್ಧಿ ತಾನೇ ತಿಳಿಯಬಲ್ಲದು, ಮೂರನೆಯದು ಮಾತ್ರ ದೇವರು ತಿಳಿಸಿದಾಗಲೇ ಗೊತ್ತಾಗುತ್ತದೆ ಎಂಬುದು ಅವರ ವಾದ. ಹೀಗೆ ಬಿಡಿಸಿದರೆ ಸರ್ ಕೇಳಿದ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅಲ್ಲಾಹ್ ಒಳ್ಳೆಯವನು ಎಂದರೆ ಮೊದಲ ಅರ್ಥದಲ್ಲಿ, ಅವನಲ್ಲಿ ಯಾವ ಕೊರತೆಯೂ ಇಲ್ಲ ಎಂದು. ನಮಗೆ ಒಂದು ಕೆಲಸ ಕಡ್ಡಾಯ ಎಂದರೆ ಮೂರನೇ ಅರ್ಥದಲ್ಲಿ.

ನಮ್ಮ ಭಾಗದ ಹೆಚ್ಚಿನ ಮನೆಗಳು ಹನಫಿ. ಹನಫಿಗಳು ಸಾಮಾನ್ಯವಾಗಿ ಅನುಸರಿಸುವುದು ಸಮರ್ಖಂದದ ಮಾತುರೀದಿ (ನಿಧನ 944) ಅವರ ಪಂಥವನ್ನು. ಅವರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ದೇವರ ಆಜ್ಞೆಗಳ ಹಿಂದೆ ಹಿಕ್ಮತ್ ಇದೆ, ಕೆಲವು ಕೆಲಸಗಳ ಒಳಿತು ಕೆಡುಕನ್ನು ಬುದ್ಧಿಯೂ ಗ್ರಹಿಸಬಲ್ಲದು ಎನ್ನುತ್ತಾರೆ. ದಿನಾ ನಮಾಜ್ ಮಾಡುವ ನನಗೆ, ನಾನು ‘ಇಸ್ಲಾಮಿನ ಉತ್ತರ’ ಎಂದು ಬರೆದದ್ದು ನಮ್ಮ ಮನೆಯ ಪಂಥದ ಉತ್ತರವೇ ಅಲ್ಲ ಎಂಬುದು ಆಗಲೇ ತಿಳಿದದ್ದು.

ಆದರೆ ಒಂದು ಮರುಪ್ರಶ್ನೆ ಉಳಿಯುತ್ತದೆ. ಕರುಣೆ, ನ್ಯಾಯಗಳು ಪರಿಪೂರ್ಣತೆ ಎಂದು ಯಾವ ಅಳತೆಯಿಂದ ಹೇಳುತ್ತೇವೆ? ಆ ಅಳತೆ ದೇವರಿಗಿಂತ ಮೇಲಿದೆಯೇ? ಇದಕ್ಕೆ ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಆಲ್ಸ್ಟನ್ ಮೀಟರ್ ಪಟ್ಟಿಯ ಉದಾಹರಣೆ ಕೊಟ್ಟಿದ್ದಾರೆ. ನಾನು ಅದನ್ನು ಕಿಲೋಗೆ ಬದಲಿಸಿಕೊಂಡೆ. 2019ರವರೆಗೆ ಕಿಲೋಗ್ರಾಂ ಎಂದರೆ ಪ್ಯಾರಿಸ್ ಹತ್ತಿರ ಇಟ್ಟಿದ್ದ ಒಂದು ಲೋಹದ ತುಂಡಿನ ತೂಕ. ಭಾಲ್ಕಿಯ ಕಾಟಾ ಸರಿ ಇದೆಯೇ ಎಂಬುದು ಕೊನೆಗೆ ಆ ತುಂಡಿಗೇ ಹೋಗಿ ನಿಲ್ಲುತ್ತಿತ್ತು. ಆ ತುಂಡಿನ ಮೇಲೆ ಬೇರೆ ತೂಕದ ಕಲ್ಲು ಇರಲಿಲ್ಲ, ಅದೇ ಅಳತೆ. ಹಾಗೆಯೇ ಒಳಿತಿನ ಅಳತೆ ದೇವರ ಮೇಲೆ ಇಲ್ಲ, ದೇವರ ಸ್ವಭಾವವೇ ಅಳತೆ. ಅವನ ಆಜ್ಞೆ ಆ ಸ್ವಭಾವದಿಂದ ಬರುವುದರಿಂದ ಅದು ಮನಸೋಇಚ್ಛೆಯೂ ಅಲ್ಲ.

ಇದು ನನಗೆ ಕಂಡ ಅತ್ಯುತ್ತಮ ಉತ್ತರ. ಆದರೂ ಇದರ ಮಿತಿಯನ್ನು ಪ್ರಬಂಧದಲ್ಲಿ ಹೇಳಲೇಬೇಕು. ಆ ಲೋಹದ ತುಂಡನ್ನು ಆರಿಸಿದ್ದು ಮನುಷ್ಯರ ಒಪ್ಪಂದ, ಬೇರೆ ತುಂಡನ್ನೂ ಆರಿಸಬಹುದಿತ್ತು. ದೇವರ ಸ್ವಭಾವವನ್ನು ಯಾರೂ ಆರಿಸಿಲ್ಲ, ಅದು ಬೇರೆ ಇರಲು ಸಾಧ್ಯವೇ ಇಲ್ಲ ಎಂದು ನಂಬುವವರಿಗೆ ಈ ಉತ್ತರ ನಿಲ್ಲುತ್ತದೆ. ಅದನ್ನು ನಂಬದವರಿಗೆ ‘ಇದೇ ಏಕೆ ಅಳತೆ?’ ಎಂಬ ಪ್ರಶ್ನೆ ಹಾಗೇ ಇರುತ್ತದೆ. ಹೋಲಿಕೆ ದಾರಿ ತೋರಿಸುತ್ತದೆ, ಸಾಬೀತು ಮಾಡುವುದಿಲ್ಲ.

ಕೊನೆಗೆ ಮತ್ತೆ ಗವಾನರ ಮೊಹರಿಗೆ ಬರುತ್ತೇನೆ. ಅವರ ನಡತೆಯನ್ನು ಬಲ್ಲವನು ಆ ಪತ್ರ ನೋಡಿದ್ದರೆ, ಮೊಹರು ಅವರದೇ ಆದರೂ ಇದು ಅವರ ಮಾತಲ್ಲ ಎಂದು ಅನುಮಾನಿಸುತ್ತಿದ್ದ. ಕುರ್‌ಆನಿನ 7ನೇ ಸೂರಾದ 28ನೇ ಆಯತ್ ಹೇಳುವುದೂ ಇಂಥದ್ದನ್ನೇ. ಕೆಲವರು ತಮ್ಮ ಅಸಭ್ಯ ಪದ್ಧತಿಯನ್ನು ಅಲ್ಲಾಹನ ಆಜ್ಞೆ ಎಂದು ಸಮರ್ಥಿಸಿಕೊಳ್ಳುತ್ತಿದ್ದರು. ಅಲ್ಲಾಹ್ ಅಸಭ್ಯವಾದುದನ್ನು ಆಜ್ಞಾಪಿಸುವುದಿಲ್ಲ ಎಂಬ ಅರ್ಥದ ಉತ್ತರ ಅವರಿಗೆ ಸಿಗುತ್ತದೆ. ಇಬ್ನುಲ್ ಖಯ್ಯಿಮ್ (ನಿಧನ 1350) ಇದರಿಂದ ಒಂದು ವಾದ ಕಟ್ಟಿದರು. ‘ಅಸಭ್ಯ’ ಎಂದರೆ ‘ನಿಷೇಧಿಸಿದ್ದು’ ಎಂದಷ್ಟೇ ಅರ್ಥವಾದರೆ, ಅಲ್ಲಾಹ್ ನಿಷೇಧಿಸಿದ್ದನ್ನು ಅವನು ಆಜ್ಞಾಪಿಸುವುದಿಲ್ಲ ಎಂದಷ್ಟೇ ಆಗುತ್ತದೆ, ಮಾತು ಬರಿದಾಗುತ್ತದೆ. ಆ ಜನರಿಗೆ ಅದು ಉತ್ತರವೇ ಆಗುತ್ತಿರಲಿಲ್ಲ.

ಎರಡನೇ ಸಲ ಬರೆದ ಪ್ರಬಂಧದ ಕೊನೆಯ ಪ್ಯಾರಾ ಹೀಗಿತ್ತು: ‘ಆಜ್ಞೆ ನಮ್ಮನ್ನು ಕಟ್ಟಿಹಾಕುತ್ತದೆ, ಆದರೆ ಒಳಿತನ್ನು ಬರೀ ಆಜ್ಞೆ ಹುಟ್ಟಿಸುವುದಿಲ್ಲ. ಒಳಿತು ಆಜ್ಞಾಪಿಸಿದವನ ಸ್ವಭಾವದಲ್ಲಿದೆ.’ ಬಹುಮಾನ ಬರಲಿಲ್ಲ. ಆದರೆ ರಜೆಗೆ ಊರಿಗೆ ಹೋದಾಗ ಅಬ್ಬಾಗೆ ಒಂದು ಪ್ರಶ್ನೆ ಕೇಳಿದೆ: "ಅಂಗಡಿಯವರು ಮಾಡಿದ್ದು ಅಲ್ಲಾಹ್ ಬೇಡ ಎಂದದ್ದಕ್ಕೆ ತಪ್ಪೋ, ನಮ್ಮ ತೊಗರಿ ಹೋಯಿತು ಎಂದು ತಪ್ಪೋ?" ಅಬ್ಬಾ ನನ್ನ ಮುಖ ನೋಡಿ ನಕ್ಕರು. "ನಮ್ಮ ತೊಗರಿ ಹೋಯಿತು ಅಂತಲೇ ಅವನು ಬೇಡ ಎಂದದ್ದು ಬೇಟಾ." ನಾಲ್ಕು ಪುಟದಲ್ಲಿ ನಾನು ಹೇಳಲಾಗದೆ ಹೋದದ್ದು ಅದೇ ಮಾತು.