ಕರೆಂಟ್ ಹೋದಾಗ ಏನು ನಿಲ್ಲುತ್ತೆ? ಮೂರು ನಿಮಿಷದ ಸಸ್ಪೆನ್ಸ್ ಸ್ಕ್ರಿಪ್ಟ್ ಬರೆಯೋದು

ಕಳೆದ ಸೆಮಿಸ್ಟರ್‌ನಲ್ಲಿ ಆಡಿಯೋ ಕಥೆಗಳ ಸಂಜೆಗೆ ನಾನೊಂದು ಸ್ಕ್ರಿಪ್ಟ್ ಬರೆದಿದ್ದೆ. ರಾತ್ರಿ, ಕರೆಂಟ್ ಕಟ್, ಗುಡುಗು, ನಾಯಿ ಊಳಿಡೋದು, ಗೆಜ್ಜೆ ಸದ್ದು, ಕೊನೆಗೆ ಒಂದು ಕಿರುಚಾಟ. ಗೆಜ್ಜೆ ಸದ್ದು ಬಂದ ತಕ್ಷಣ ಹಿಂದಿನ ಬೆಂಚಿನವರು ನಗೋಕೆ ಶುರು ಮಾಡಿದ್ರು. ಆಮೇಲೆ ಒಬ್ಬ ಸೀನಿಯರ್ ಕೇಳಿದ್ರು, "ಅಲ್ಲಯ್ಯಾ, ನಿನ್ನ ಕಥೇಲಿ ಕರೆಂಟ್ ಯಾವಾಗ ಹೋಯ್ತು? ನಮಗೆ ಗೊತ್ತೇ ಆಗ್ಲಿಲ್ವಲ್ಲ."

ಸರಿಯಾದ ಪ್ರಶ್ನೆ. ಕೇಳುವವನಿಗೆ ಏನೂ ಕಾಣಿಸಲ್ಲ, ಹಾಗಾಗಿ ಅವನು ಮೊದಲಿನಿಂದಲೂ ಕತ್ತಲಲ್ಲೇ ಇರ್ತಾನೆ. ಇದನ್ನ ಬಹಳ ಹಿಂದೆಯೇ ಬಳಸಿಕೊಂಡವರಿದ್ದಾರೆ. 1924ರ ಜನವರಿಯಲ್ಲಿ ಬಿಬಿಸಿ ಪ್ರಸಾರ ಮಾಡಿದ ರಿಚರ್ಡ್ ಹ್ಯೂಸ್ ಅವರ 'ಡೇಂಜರ್' ನಾಟಕ ನಡೆಯೋದು ದೀಪ ಆರಿಹೋದ ಕಲ್ಲಿದ್ದಲು ಗಣಿಯೊಳಗೆ. ಅಲ್ಲಿ ಪಾತ್ರಕ್ಕೂ ಏನೂ ಕಾಣಲ್ಲ, ಕೇಳುಗನಿಗೂ ಕಾಣಲ್ಲ. ಇಬ್ಬರೂ ಸಮ.

ಆಡಿಯೋದಲ್ಲಿ ಕರೆಂಟ್ ಹೋಯ್ತು ಅಂದ್ರೆ ಬೆಳಕು ಹೋಯ್ತು ಅಂತ ಅಲ್ಲ, ಒಂದು ಸದ್ದು ನಿಂತಿತು ಅಂತ. ಆದ್ದರಿಂದ ಸ್ಕ್ರಿಪ್ಟ್ ಬರೆಯೋ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಯಾವ ಸದ್ದು ನಿಂತರೆ ಎದೆ ಝಲ್ ಅನ್ನುತ್ತೆ?

ನನಗೆ ಉತ್ತರ ಸಿಕ್ಕಿದ್ದು ಮನೆಯಲ್ಲಿ. ನಮ್ಮ ತಾತನಿಗೆ ಶ್ವಾಸಕೋಶದ ತೊಂದರೆ, ರಾತ್ರಿ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಬೇಕು. ಆ ಮೆಷಿನ್ ಕೋಣೆಯ ಗಾಳಿಯನ್ನೇ ಎಳೆದು, ನೈಟ್ರೋಜನ್ ಸೋಸಿ, ಆಕ್ಸಿಜನ್ ಕೊಡುತ್ತೆ. ಗುಯ್ ಅನ್ನೋ ಮೋಟಾರ್, ಕೆಲವು ಸೆಕೆಂಡಿಗೊಮ್ಮೆ ಪುಸ್ ಅನ್ನೋ ವಾಲ್ವ್, ಜೊತೆಗೆ ಆಕ್ಸಿಜನ್ ಹಾದುಹೋಗುವ ನೀರಿನ ಬಾಟಲಿಯ ಗುಳುಗುಳು. ಆ ಗುಳುಗುಳು ಕೇಳ್ತಾ ಇದ್ರೆ ನಮ್ಮ ಮನೇಲಿ ಎಲ್ಲರೂ ನಿದ್ದೆ ಮಾಡ್ತಾರೆ. ನಿಂತರೆ ಎಲ್ಲರೂ ಏಳ್ತಾರೆ. ಕರೆಂಟ್ ಹೋದಾಗ ಸಿಲಿಂಡರ್‌ಗೆ ಬದಲಾಯಿಸಬೇಕು, ಅದರ ವಾಲ್ವ್ ತಿರುಗಿಸೋಕೆ ಒಂದು ಕಬ್ಬಿಣದ ಕೀ ಬೇಕು. ಕಥೆಗೆ ಬೇಕಾದ್ದೆಲ್ಲ ಇದರಲ್ಲೇ ಇತ್ತು, ದೆವ್ವ ಬೇಕಾಗಿರಲಿಲ್ಲ.

ಎರಡನೇ ವಿಷಯ, ಕೇಳುಗನಿಗೆ ಏನು ಗೊತ್ತಿರಬೇಕು ಅನ್ನೋದು. ಹಿಚ್‌ಕಾಕ್ ಹೇಳುತ್ತಿದ್ದ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ನಿಮಗೆ ಗೊತ್ತಿರಬಹುದು. ಬಾಂಬ್ ಇದ್ದಕ್ಕಿದ್ದಂತೆ ಸಿಡಿದರೆ ಕ್ಷಣದ ಬೆಚ್ಚು ಅಷ್ಟೆ. ಬಾಂಬ್ ಇರೋದು ಪ್ರೇಕ್ಷಕನಿಗೆ ಮಾತ್ರ ಗೊತ್ತಿದ್ದು, ಮೇಜಿನ ಸುತ್ತ ಕೂತವರಿಗೆ ಗೊತ್ತಿಲ್ಲದಿದ್ದರೆ ಅದು ಸಸ್ಪೆನ್ಸ್. ನನ್ನ ಕಥೆಯಲ್ಲಿ ಆ ಬಾಂಬ್ ಅಂದ್ರೆ ಕೀ. ಮೊಮ್ಮಗ ಮನು ಸಂಜೆ ಅದೇ ಕೀ ತಗೊಂಡು ಸೈಕಲ್ಲಿನ ಸೊಟ್ಟ ಮಡ್‌ಗಾರ್ಡ್ ಬಡಿದು, ವರಾಂಡದಲ್ಲೇ ಬಿಟ್ಟುಬಿಟ್ಟಿದ್ದಾನೆ. ಅದು ಅವನಿಗೆ ಮರೆತಿದೆ, ನಮಗೆ ಮರೆತಿಲ್ಲ.

ಈಗ ಅಳತೆ. ನಾನು ಸ್ಟಾಪ್‌ವಾಚ್ ಇಟ್ಟು ಓದಿದಾಗ ಒಂದು ನಿಮಿಷಕ್ಕೆ ಸುಮಾರು 100 ಕನ್ನಡ ಪದ ಬಂತು. ಹಾಗಾದ್ರೆ ಮೂರು ನಿಮಿಷಕ್ಕೆ 300 ಪದ ಬರೆಯಬಹುದಾ? ಬೇಡ. ಅಷ್ಟು ಬರೆದರೆ ಸದ್ದಿಗೆ ಜಾಗವೇ ಇರಲ್ಲ. 70 ಪದದೊಳಗೆ ಮಾತು ಮುಗಿಸಿ, ಉಳಿದ ಸಮಯ ಸದ್ದಿಗೆ ಕೊಡಿ. ನನ್ನ ಸ್ಕ್ರಿಪ್ಟ್ ಹೀಗಾಯ್ತು:

0:00 – ವರಾಂಡ. ಕಬ್ಬಿಣದ ಮೇಲೆ ಟಕ್, ಟಕ್, ಟಕ್. ಕೀ ನೆಲಕ್ಕೆ ಬಿದ್ದು ಠಣ್ ಅನ್ನುತ್ತೆ. ಫೋನ್ ರಿಂಗ್.

ಅಮ್ಮ (ಫೋನಲ್ಲಿ): ತಾತ ಮಲಗಿದ್ರಾ? ಬಾಟ್ಲಿ ಗುಳುಗುಳು ಅಂತಿದ್ಯಾ ನೋಡ್ಕೋ. ನಿಂತ್ರೆ ತಕ್ಷಣ ಸಿಲಿಂಡರ್ ಹಾಕು. ಕೀ ಮೊಳೆಗೆ ನೇತು ಹಾಕಿದ್ದೀನಿ.

ಮನು: ಹೂಂ ಅಮ್ಮಾ, ಗೊತ್ತು.

0:30 – ಕೋಣೆ, ರಾತ್ರಿ. ಫ್ಯಾನ್, ಮೋಟಾರ್, ಪುಸ್, ಗುಳುಗುಳು. ತಾತನ ಉಸಿರು.

0:55 – ಮೋಟಾರ್ ನಿಲ್ಲುತ್ತೆ. ಬಾಟಲಿಯಲ್ಲಿ ಕೊನೆಯ ಎರಡು ಗುಳ್ಳೆ. ಮೆಷಿನ್ನಿನ ಬೀಪ್. ಫ್ಯಾನ್ ಟಿಕ್… ಟಿಕ್…… ಟಿಕ್. ತಾತನ ಉಸಿರು ಮಾತ್ರ.

1:15 – ಬರಿಗಾಲಿನ ಹೆಜ್ಜೆ. ಗೋಡೆ ಮೇಲೆ ಕೈ ಸವರುವ ಸದ್ದು. ಮೊಳೆಗೆ ಉಗುರು ತಾಗುತ್ತೆ. ಸವರೋದು ನಿಲ್ಲುತ್ತೆ.

ಮನು (ಮೆಲ್ಲಗೆ): ಇಲ್ಲೇ ಇತ್ತಲ್ಲ…

ತಾತ (ಉಸಿರಿನ ನಡುವೆ): ಮನೂ…

ಮನು: ಬಂದೆ ತಾತ. ಬಂದೆ.

1:45 – ಡ್ರಾಯರ್ ಎಳೆಯುತ್ತಾನೆ, ಚಮಚಗಳು. ಇನ್ನೊಂದು ಡ್ರಾಯರ್. ಉಸಿರು ಗಟ್ಟಿಯಾಗ್ತಿದೆ. ಕೈ ನಿಲ್ಲುತ್ತೆ.

ಮನು: ಸೈಕಲ್!

2:00 – ಓಟ. ಬೀಪ್ ಮತ್ತು ಉಸಿರು ದೂರವಾಗುತ್ತವೆ. ಚಿಲಕ. ಹೊರಗೆ ಜೀರುಂಡೆ. ನೆಲದಲ್ಲಿ ತಡಕಾಟ. ಕಾಲಿಗೆ ತಾಗಿ ಠಣ್.

2:20 – ವಾಪಸ್ ಓಟ. ಬೀಪ್ ಇದೆ, ಉಸಿರು ಕೇಳಿಸಲ್ಲ. ಕೀ ವಾಲ್ವಿಗೆ ಕೂರಲ್ಲ, ಜಾರುತ್ತೆ, ಕೂರುತ್ತೆ. ಸ್ಸ್ಸ್. ಐದು ಸೆಕೆಂಡ್ ಏನೂ ಇಲ್ಲ. ಗುಳು… ಗುಳುಗುಳು. ದೀರ್ಘ ಉಸಿರು.

ತಾತ: ಕರೆಂಟ್ ಬಂತೇನೋ?

ಮನು: ಇಲ್ಲ ತಾತ. ನೀವು ಮಲ್ಕೊಳ್ಳಿ.

3:00 – ಗುಳುಗುಳು ಮಾತ್ರ. ಮುಕ್ತಾಯ.

ಮೊದಲ 30 ಸೆಕೆಂಡಿನ ಟಕ್ ಟಕ್ ಮತ್ತು ಠಣ್ ಇಲ್ಲದಿದ್ದರೆ 1:15ರಲ್ಲಿ ಬರೀ ಗೊಂದಲ ಆಗ್ತಿತ್ತು. ಈಗ ಮನು ಗೋಡೆ ಸವರುವಾಗ ಕೇಳುಗ ಮನಸಲ್ಲೇ "ಅಲ್ಲಿಲ್ಲ ಕಣೋ, ಹೊರಗಿದೆ" ಅಂತಾನೆ. "ಅಯ್ಯೋ ಕತ್ತಲಾಯ್ತು, ಏನೂ ಕಾಣ್ತಿಲ್ಲ" ಅನ್ನೋ ಮಾತು ಎಲ್ಲೂ ಇಲ್ಲ. ಆ ಕೆಲಸವನ್ನ ಫ್ಯಾನ್ ಮಾಡುತ್ತೆ. ಅದು ಒಮ್ಮೆಗೇ ನಿಲ್ಲದೆ ನಿಧಾನವಾಗೋದ್ರಿಂದ, ಗಡಿಯಾರದ ಥರ ಸಮಯವನ್ನೂ ಎಳೆಯುತ್ತೆ.

ರೆಕಾರ್ಡ್ ಮಾಡುವಾಗ ಎರಡು ಕಡೆ ಎಡವಿದೆ. ಮೊದಲನೆಯದು ಮೌನ. 2:20ರ ಐದು ಸೆಕೆಂಡಿಗೆ ಟ್ರ್ಯಾಕನ್ನ ಪೂರ್ತಿ ಖಾಲಿ ಬಿಟ್ಟಿದ್ದೆ. ಕೇಳಿದ ರೂಮ್‌ಮೇಟ್ ಫೋನ್ ಹ್ಯಾಂಗ್ ಆಯ್ತು ಅಂದುಕೊಂಡು ಸ್ಕ್ರೀನ್ ಒತ್ತಿಬಿಟ್ಟ. ನಿಜವಾದ ಕೋಣೆ ಯಾವತ್ತೂ ಪೂರ್ತಿ ಸುಮ್ಮನಿರಲ್ಲ. ಎಲ್ಲಾ ಆಫ್ ಮಾಡಿ, ಬರೀ ಕೋಣೆಯನ್ನೇ 30 ಸೆಕೆಂಡ್ ರೆಕಾರ್ಡ್ ಮಾಡಿಟ್ಟುಕೊಂಡು, ಅದನ್ನ ಮೌನದ ಅಡಿಗೆ ಹಾಸಬೇಕು.

ಎರಡನೆಯದು ಸ್ಪೀಕರ್. ಮೋಟಾರಿನ ತಗ್ಗಿದ ಗುಂಯ್ ಹೆಡ್‌ಫೋನಲ್ಲಿ ಚೆನ್ನಾಗಿತ್ತು, ಫೋನ್ ಸ್ಪೀಕರ್‌ನಲ್ಲಿ ಕೇಳಿಸಲೇ ಇಲ್ಲ. ನಮ್ಮ ಮನೆ ಕರೆಂಟ್ 50 ಹರ್ಟ್ಸ್. ಅದರಿಂದ ಬರೋ 50, 100 ಹರ್ಟ್ಸ್ ಗುಂಯ್ ಅನ್ನ ಅಷ್ಟು ಪುಟ್ಟ ಸ್ಪೀಕರ್ ಸರಿಯಾಗಿ ಕೊಡಲ್ಲ. ಬರದ ಸದ್ದು ನಿಂತರೆ ಯಾರಿಗೆ ಗೊತ್ತಾಗುತ್ತೆ? ಅದಕ್ಕೇ ಕಥೆಯ ಭಾರವನ್ನ ಗುಳುಗುಳು, ಪುಸ್, ಟಿಕ್ ಮೇಲೆ ಹಾಕಿದೆ. ಇವು ಎಲ್ಲಾ ಫೋನಲ್ಲೂ ಕೇಳುತ್ತವೆ. ಗುಳುಗುಳುವಿಗೆ ಲೋಟದ ನೀರಲ್ಲಿ ಸ್ಟ್ರಾ ಇಟ್ಟು ಊದಿದೆ, ಸ್ಸ್ಸ್‌ಗೆ ಸೈಕಲ್ ಟ್ಯೂಬಿನ ಗಾಳಿ ಬಿಟ್ಟೆ. ತಾತನ ನಿಜವಾದ ಮೆಷಿನ್ ಮುಟ್ಟಲಿಲ್ಲ.

ಪರೀಕ್ಷೆ ಸುಲಭ. ಕಥೆ ಗೊತ್ತಿಲ್ಲದ ಒಬ್ಬರಿಗೆ ಫೋನ್ ಸ್ಪೀಕರ್‌ನಲ್ಲೇ ಕೇಳಿಸಿ, ಕರೆಂಟ್ ಹೋದ ಕ್ಷಣ ಕೈ ಎತ್ತೋಕೆ ಹೇಳಿ. 0:55ಕ್ಕೆ ಕೈ ಎತ್ತದಿದ್ದರೆ ಅದಕ್ಕೆ ಮುಂಚಿನ 25 ಸೆಕೆಂಡ್ ಸರಿಯಾಗಿಲ್ಲ, ಅಂದ್ರೆ ಆ ಸದ್ದು ಅವರ ಕಿವಿಗೆ ಅಭ್ಯಾಸವೇ ಆಗಿಲ್ಲ ಅಂತ.

ರಜೆಗೆ ಊರಿಗೆ ಹೋದಾಗ ತಾತನಿಗೂ ಕೇಳಿಸಿದೆ. ಪೂರ್ತಿ ಕೇಳಿ, "ಆ ಹುಡುಗ ಕೀ ತಗೊಂಡು ಹೋಗಿ ಸೈಕಲ್ ಬಡೀತಾನಲ್ಲ, ಅದು ನೀನೇ ತಾನೇ?" ಅಂದ್ರು. ನಾನು ಏನೂ ಹೇಳಲಿಲ್ಲ. ಎದ್ದು ಹೋಗಿ ಮೊಳೆ ನೋಡಿದೆ. ಕೀ ಅಲ್ಲೇ ಇತ್ತು.