ಹಿಮೋಗ್ಲೋಬಿನ್ ಸರಿಯಿದ್ದರೂ ಸುಸ್ತೇಕೆ?

ನಲವತ್ತೆರಡರ ಒಬ್ಬ ಶಿಕ್ಷಕಿ ಎಂದುಕೊಳ್ಳಿ. ಮುಟ್ಟು ಎಂಟು ದಿನ, ಮೊದಲೆರಡು ದಿನ ಗಂಟೆಗೊಂದು ಪ್ಯಾಡ್, ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 12.1 ಇದೆ, ‘ನಾರ್ಮಲ್’ ಎಂದು ಮನೆಗೆ ಕಳಿಸಿಬಿಡುತ್ತಾರೆ. ಆದರೆ ದೇಹ ಮೊದಲು ಖರ್ಚು ಮಾಡುವುದು ಕೂಡಿಟ್ಟ ಕಬ್ಬಿಣಾಂಶವನ್ನು. ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಆ ಉಳಿತಾಯ ಎಷ್ಟಿದೆ ಎಂದು ಹೇಳುವುದು ಫೆರಿಟಿನ್ ಪರೀಕ್ಷೆ. 15ಕ್ಕಿಂತ ಕೆಳಗಿದ್ದರೆ ಬರಿದಾಗಿದೆ ಎಂದರ್ಥ, ಆಕೆಯದು 9.

ಕಬ್ಬಿಣದ ಮಾತ್ರೆ ಶುರುವಾಯಿತು, ಕಾಫಿಯಿಂದ ದೂರವಿಟ್ಟು. ಆದರೆ ರಕ್ತ ಹೋಗುತ್ತಲೇ ಇದ್ದರೆ ಮಾತ್ರೆಯೊಂದೇ ಏನು ಮಾಡೀತು? ಟಿಎಸ್‌ಎಚ್ ಸರಿಯಿತ್ತು, ಹಾಗಾಗಿ ಥೈರಾಯ್ಡ್ ಕಾರಣವಲ್ಲ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಒಳಕ್ಕೆ ಚಾಚಿದ 2 ಸೆಂ.ಮೀ. ಫೈಬ್ರಾಯ್ಡ್ ಕಂಡಿತು. ಗಾತ್ರಕ್ಕಿಂತ ಜಾಗವೇ ಮುಖ್ಯ: ಹೊರಮೈಯ ದೊಡ್ಡ ಗೆಡ್ಡೆ ಸುಮ್ಮನಿರಬಹುದು, ಒಳಗಿನ ಚಿಕ್ಕದೇ ಕಾಡುತ್ತದೆ. ಇಂಥದ್ದನ್ನು ಸಾಮಾನ್ಯವಾಗಿ ಹೊಟ್ಟೆ ಕೊಯ್ಯದೆ, ಗರ್ಭಕೋಶ ಉಳಿಸಿಕೊಂಡೇ ತೆಗೆಯಬಹುದು.